ಬಾರ್‌ಗಳ ನಡುವಿನ ಖಾಲಿ ಜಾಗ: ಗ್ಯಾಂಟ್ ಚಾರ್ಟ್ ಸ್ಕ್ರೀನ್‌ಶಾಟನ್ನು ಬರಹಕ್ಕಿಳಿಸಿ ದೋಷ ಹುಡುಕುವ ಕ್ರಮ

ದೋಷದ ಲಕ್ಷಣ

ಕಟ್ಟಡ ಕೆಲಸಗಳ ವೇಳಾಪಟ್ಟಿ ನೋಡಿಕೊಳ್ಳುವ ನನ್ನಂಥವರ ಫೋನಿಗೆ ಆಗಾಗ ಒಂದೇ ಬಗೆಯ ಸಂದೇಶ ಬರುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಮಾಡಿದ, ಪ್ರತಿ ಕೆಲಸದ ಅವಧಿಯನ್ನು ಬಾರ್ ಎಂಬ ಅಡ್ಡಪಟ್ಟಿಯಾಗಿಯೂ ಕೆಲಸಗಳ ನಡುವಿನ ಅವಲಂಬನೆಯನ್ನು ಬಾಣವಾಗಿಯೂ ತೋರಿಸುವ ಗ್ಯಾಂಟ್ ಚಾರ್ಟ್‌ನ ಒಂದು ಸ್ಕ್ರೀನ್‌ಶಾಟ್ ಇರುತ್ತದೆ, ಅದರ ಕೆಳಗೆ "ಸರ್, ಮನೆ ಬಿಟ್ಟುಕೊಡುವ ದಿನಾಂಕ ಮುಂದಕ್ಕೆ ಹೋಗಿದೆ, ಎಲ್ಲಿ ದಿನ ಉಳಿಸಬಹುದು ಹೇಳಿ" ಎಂಬ ಒಂದು ಸಾಲು ಇರುತ್ತದೆ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿರುವುದರಿಂದ ಕೆಲಸಗಳ ಹೆಸರನ್ನು ಹಿಗ್ಗಿಸಿ ಓದಿದರೂ ಅರ್ಧ ಮಾತ್ರ ತಿಳಿಯುತ್ತದೆ. ದಿನಾಂಕದ ಕಾಲಂ ಬಾರ್‌ಗಳ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಬಾಣಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಆದರೂ ಚಿತ್ರ ನೋಡಿದವರು ಸಲಹೆ ಕೊಟ್ಟೇ ಕೊಡುತ್ತಾರೆ. ಅತಿ ಉದ್ದದ ಬಾರ್ ಯಾವುದೆಂದು ಕಣ್ಣಿಗೆ ಬೀಳುತ್ತದೆ, "ಅಲ್ಲಿ ಆಳು ಹೆಚ್ಚಿಸಿ" ಎನ್ನುತ್ತಾರೆ, ಆಳು ಹೆಚ್ಚಿಸಿದ ಮೇಲೂ ಕೊನೆಯ ದಿನಾಂಕ ಕದಲುವುದಿಲ್ಲ. ಈ ಬರಹ ನಿವಾರಿಸಲು ಹೊರಟಿರುವ ದೋಷ ಇದೇ: ಚಿತ್ರ ಕೈಯಲ್ಲಿದ್ದೂ ಸಲಹೆ ತಪ್ಪುವುದು.

ಇದಕ್ಕೆ ಮದ್ದು ಇನ್ನೂ ಸ್ಪಷ್ಟವಾದ ಚಿತ್ರವಲ್ಲ. ಚಿತ್ರದಲ್ಲಿರುವುದನ್ನು ಕೆಲಸ, ದಿನಾಂಕ ಮತ್ತು ಅವಲಂಬನೆ ಎಂಬ ಮೂರು ಅಂಶಗಳಾಗಿ ಬಿಡಿಸಿ ಬರೆದರೆ, ಚಿತ್ರವನ್ನು ಕಾಣದೆ ಫೋನಿನಲ್ಲಿ ಕೇಳುತ್ತಿರುವವರು ಅಥವಾ ಸ್ಕ್ರೀನ್ ರೀಡರ್ ಬಳಸಿ ಓದುವ ಸಹೋದ್ಯೋಗಿ ಕೂಡ ಸರಿಯಾದ ಸಲಹೆ ಕೊಡಬಲ್ಲರು. ನನ್ನ ಅನುಭವದಲ್ಲಿ, ಹಾಗೆ ಬರೆಯುವಾಗಲೇ ಅರ್ಧದಷ್ಟು ದೋಷಗಳು ಬರೆಯುವವರಿಗೇ ಕಾಣಿಸಿಬಿಡುತ್ತವೆ.

ಚಿತ್ರ ಏನನ್ನು ಮುಚ್ಚಿಡುತ್ತದೆ

ಬಾರ್ ಎಂದರೆ ಲೆಕ್ಕದ ಉತ್ತರ ಮಾತ್ರ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಒಂದು ಕೆಲಸ ಡಿಸೆಂಬರ್ 22ಕ್ಕೆ ಶುರುವಾಗುತ್ತದೆ ಎಂದು ಬಾರ್ ಹೇಳುತ್ತದೆ. ಏಕೆ ಅಂದೇ ಶುರುವಾಗುತ್ತದೆ ಎಂದು ಹೇಳುವುದಿಲ್ಲ. ಆ "ಏಕೆ" ಎಂಬುದಕ್ಕೆ ಕಾರಣ ನಾಲ್ಕು ಕಡೆ ಅಡಗಿರಬಹುದು: ಹಿಂದಿನ ಕೆಲಸದೊಂದಿಗಿನ ಕೊಂಡಿ, ಆ ಕೊಂಡಿಗೆ ಸೇರಿಸಿದ ಕಾಯುವ ಅವಧಿ, ಫೈಲಿನ ಕ್ಯಾಲೆಂಡರ್, ಇಲ್ಲವೇ ಯಾರೋ ಕೈಯಾರೆ ಹಾಕಿದ ದಿನಾಂಕದ ನಿರ್ಬಂಧ. ಕಾಯುವ ಅವಧಿಯನ್ನು ಎಲ್ಲರೂ ಲ್ಯಾಗ್ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಬಾಣವೊಂದು ಇದ್ದರೆ ಕೊಂಡಿ ಇದೆ ಎಂದಷ್ಟೇ ಗೊತ್ತಾಗುತ್ತದೆ. ಅದರ ಮೇಲೆ ಲ್ಯಾಗ್ ಎಷ್ಟೆಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಹದಿನಾಲ್ಕು ದಿನ ಕಾಯುವ ಬಾಣವೂ ಒಂದು ದಿನವೂ ಕಾಯದ ಬಾಣವೂ ನೋಡಲು ಒಂದೇ ಜಾತಿಯವು.

ಹೆನ್ರಿ ಗ್ಯಾಂಟ್ ನೂರು ವರ್ಷಕ್ಕೂ ಹಿಂದೆ ಕಾಗದದ ಮೇಲೆ ಬರೆಸುತ್ತಿದ್ದ ಚಾರ್ಟ್‌ಗಳಲ್ಲಿ ಈ ಬಾಣಗಳೇ ಇರಲಿಲ್ಲ. ಯಾವ ಕೆಲಸಕ್ಕೆ ಎಷ್ಟು ಕಾಲ ಗೊತ್ತುಮಾಡಿದೆ, ಎಷ್ಟು ಆಗಿದೆ ಎಂಬುದನ್ನು ತೋರಿಸುವುದಷ್ಟೇ ಅವುಗಳ ಕೆಲಸವಾಗಿತ್ತು. ಅವಲಂಬನೆಯ ಲೆಕ್ಕ 1950ರ ದಶಕದ ಕೊನೆಯಲ್ಲಿ ಕ್ರಿಟಿಕಲ್ ಪಾತ್ ವಿಧಾನದೊಂದಿಗೆ ಬಂದದ್ದು, ಆಮೇಲೆ ಈ ಬಾರ್‌ಗಳಿಗೆ ಹೊಲಿದದ್ದು. ಚಿತ್ರದಲ್ಲಿ ಬಾಣಗಳು ಓದಲು ಬಾರದಂತೆ ಕಾಣುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಬರಹಕ್ಕಿಳಿಸುವ ಕ್ರಮ

ಮೊದಲು ಚೌಕಟ್ಟನ್ನು ಬರೆಯಬೇಕು: ಚಿತ್ರ ಯಾವ ದಿನದ್ದು, ಯಾವ ತಂತ್ರಾಂಶದ್ದು, ವಾರಕ್ಕೆ ಎಷ್ಟು ದಿನ ಕೆಲಸ, ಯಾವ ರಜೆಗಳು ಫೈಲಿನಲ್ಲಿವೆ, ಮಾಲೀಕರಿಗೆ ಮಾತು ಕೊಟ್ಟ ಕೊನೆಯ ದಿನ ಯಾವುದು. ಈ ಐದು ಸಂಗತಿಗಳಲ್ಲಿ ಮೂರನೆಯದೂ ನಾಲ್ಕನೆಯದೂ ಹತ್ತರಲ್ಲಿ ಒಂಬತ್ತು ಸಲ ಬಿಟ್ಟುಹೋಗುತ್ತವೆ.

ಅನಂತರ ಪ್ರತಿಯೊಂದು ಸಾಲನ್ನೂ ಆರು ತುಂಡುಗಳಾಗಿ ಬರೆಯಬೇಕು: ಸಾಲಿನ ಸಂಖ್ಯೆ, ಕೆಲಸದ ಹೆಸರು, ಅವಧಿ, ಶುರು, ಮುಗಿತಾಯ, ಹಿಂದಿನ ಕೆಲಸ. ಕೊನೆಯದನ್ನು ಬಾಣ ನೋಡಿ ಊಹಿಸುವ ಬದಲು `Predecessors` ಎಂಬ ಕಾಲಂನಿಂದ ಇದ್ದಂತೆಯೇ ಎತ್ತಿಕೊಳ್ಳಬೇಕು. ಅಲ್ಲಿ `2FS+14d` ಎಂದಿದ್ದರೆ "ಎರಡನೆಯ ಸಾಲಿನ ಕೆಲಸ ಮುಗಿದು ಹದಿನಾಲ್ಕು ದಿನ ಕಳೆದ ಮೇಲೆ ಇದು ಶುರು" ಎಂದರ್ಥ. `4SS+4d` ಎಂದಿದ್ದರೆ "ನಾಲ್ಕನೆಯದು ಶುರುವಾಗಿ ನಾಲ್ಕು ದಿನ ಕಳೆದ ಮೇಲೆ ಇದು ಶುರು" ಎಂದರ್ಥ. ಫೈಲ್ ಕೈಯಲ್ಲಿಲ್ಲದೆ ಚಿತ್ರ ಮಾತ್ರ ಇದ್ದಾಗ ಬಾಣದ ಎರಡೂ ತುದಿಗಳನ್ನು ನೋಡಿ ಬರೆಯಬೇಕಾಗುತ್ತದೆ. ಒಂದು ಬಾರ್‌ನ ಬಲತುದಿಯಿಂದ ಹೊರಟು ಇನ್ನೊಂದರ ಎಡತುದಿಗೆ ಬಂದರೆ ಅದು ಮುಗಿದ ಮೇಲೆ ಶುರು. ಎಡದಿಂದ ಎಡಕ್ಕೆ ಬಂದರೆ ಶುರುವಿನೊಂದಿಗೆ ಶುರು. ಬಲದಿಂದ ಬಲಕ್ಕೆ ಬಂದರೆ ಮುಗಿತಾಯದೊಂದಿಗೆ ಮುಗಿತಾಯ. ಎರಡು ಬಾಣಗಳು ಒಂದೇ ಲಂಬ ಗೆರೆಯಲ್ಲಿ ಇಳಿದಿದ್ದರೆ ಯಾವುದು ಎಲ್ಲಿಂದ ಬಂತೆಂದು ಚಿತ್ರದಿಂದ ತೀರ್ಮಾನಿಸಲಾಗದು. ಅಂಥ ಕಡೆ "ನಾಲ್ಕರಿಂದಲೋ ಐದರಿಂದಲೋ ತಿಳಿಯದು" ಎಂದೇ ಬರೆಯಬೇಕು. ಊಹೆಯನ್ನು ಕಂಡದ್ದರಂತೆ ಬರೆದರೆ ಮುಂದಿನ ಲೆಕ್ಕವೆಲ್ಲ ಮರಳಿನ ಮೇಲೆ ನಿಲ್ಲುತ್ತದೆ.

ದಿನಾಂಕದ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಎಷ್ಟೋ ಕಂಪ್ಯೂಟರ್‌ಗಳು ಅಮೆರಿಕದ ದಿನಾಂಕ ಕ್ರಮದಲ್ಲೇ ಓಡುತ್ತಿರುತ್ತವೆ. ಮುಂದೆ ಹೇಳುವ ಪ್ರಕರಣದ ಚಿತ್ರದಲ್ಲಿ ಕೊನೆಯ ಸಾಲಿನ ಎದುರು `Wed 2/4/26` ಎಂದಿತ್ತು. ಕಳಿಸಿದ ಎಂಜಿನಿಯರ್ ಅದನ್ನು ಏಪ್ರಿಲ್ 2 ಎಂದು ಓದಿ ಗಾಬರಿಯಾಗಿದ್ದರು. ಆದರೆ 2026ರ ಏಪ್ರಿಲ್ 2 ಗುರುವಾರ, ಫೆಬ್ರವರಿ 4 ಬುಧವಾರ. ಪಕ್ಕದಲ್ಲಿದ್ದ ವಾರದ ಹೆಸರೇ ಯಾವ ತಿಂಗಳೆಂದು ಹೇಳುತ್ತಿತ್ತು. ಆದ್ದರಿಂದ ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ, ಜೊತೆಗೆ ವಾರವನ್ನು ಸೇರಿಸಿ ಬರೆಯುವುದು ಒಳ್ಳೆಯದು. ಕಾಲಂ ಕಾಣದೆ ಬಾರ್‌ನ ತುದಿಯನ್ನು ಅಳೆದು ದಿನಾಂಕ ಹೇಳಬೇಕಾದರೆ, ಮೇಲಿನ ಅಳತೆಪಟ್ಟಿಯಲ್ಲಿ ಒಂದು ಚೌಕ ಒಂದು ವಾರವಾಗಿದ್ದಾಗ ಎರಡು ಮೂರು ದಿನ ಆಚೀಚೆ ಆಗಿಯೇ ಆಗುತ್ತದೆ. "ಸುಮಾರು" ಎಂಬ ಪದವನ್ನು ಅಲ್ಲಿ ಬಿಡಬಾರದು.

ಒಂದು ಪ್ರಕರಣ: ಮೊದಲ ಮಹಡಿಯ ಮೋಲ್ಡ್ ಆದ ಮೇಲೆ

2025ರ ನವೆಂಬರ್ 17, ಸೋಮವಾರ ನನಗೊಂದು ಚಿತ್ರ ಬಂತು. ಎರಡು ಅಂತಸ್ತಿನ ಮನೆ, ಮೇಲಿನ ಸ್ಲ್ಯಾಬ್, ಅಂದರೆ ಜನ ಹೇಳುವ ಮೋಲ್ಡ್, ನವೆಂಬರ್ 7ರಂದು ಬಿದ್ದಿತ್ತು. ಜನವರಿ 20ರೊಳಗೆ ಮನೆ ಬಿಟ್ಟುಕೊಡುವ ಮಾತಾಗಿತ್ತು, ಚಾರ್ಟ್ ಫೆಬ್ರವರಿ 4 ಎನ್ನುತ್ತಿತ್ತು. ಚಿತ್ರವನ್ನು ನೋಡಿದ ಕೂಡಲೇ ನಾನು ಕೊಟ್ಟ ಸಲಹೆ, ಈಗ ಒಪ್ಪಿಕೊಳ್ಳಲು ನಾಚಿಕೆಯಾದರೂ, ಮೇಲೆ ಬೈದಂಥದ್ದೇ: "ಒಳಗೋಡೆಗೆ ಎಂಟು ದಿನ ಇಟ್ಟಿದ್ದೀರಿ, ಇನ್ನೊಂದು ಜೋಡಿ ಮೇಸ್ತ್ರಿ ಹಾಕಿ ಐದು ದಿನಕ್ಕೆ ಮುಗಿಸಿ." ಅವರು ಫೈಲಿನಲ್ಲಿ ಎಂಟನ್ನು ಐದು ಮಾಡಿ ನೋಡಿ, ಅರ್ಧ ಗಂಟೆಯಲ್ಲಿ "ಸರ್, ಕೊನೆಯ ದಿನಾಂಕ ಹಾಗೇ ಇದೆ" ಎಂದು ಉತ್ತರಿಸಿದರು. ಆಗ ಚಿತ್ರ ಬೇಡ, ಸಾಲು ಸಾಲಾಗಿ ಬರೆದು ಕಳಿಸಿ ಎಂದೆ. ಬಂದದ್ದು ಇದು:

```
2 | ಸ್ಲ್ಯಾಬ್ ಕಾಂಕ್ರೀಟ್ | 1d | ಶುಕ್ರ 7 ನವೆಂ | ಶುಕ್ರ 7 ನವೆಂ | (ಆಗಿದೆ)
3 | ಸೆಂಟ್ರಿಂಗ್ ಬಿಚ್ಚುವುದು | 2d | ಶುಕ್ರ 28 ನವೆಂ | ಸೋಮ 1 ಡಿಸೆಂ | 2FS+14d
4 | ಒಳಗೋಡೆ | 8d | ಮಂಗಳ 2 ಡಿಸೆಂ | ಗುರು 11 ಡಿಸೆಂ | 3FS
5 | ಕರೆಂಟ್ ಪೈಪ್ | 4d | ಸೋಮ 8 ಡಿಸೆಂ | ಗುರು 11 ಡಿಸೆಂ | 4SS+4d
6 | ಪ್ಲಾಸ್ಟರಿಂಗ್ | 10d | ಸೋಮ 22 ಡಿಸೆಂ | ಶುಕ್ರ 2 ಜನ | 4FS
7 | ಟೈಲ್ಸ್ | 8d | ಬುಧ 14 ಜನ | ಶುಕ್ರ 23 ಜನ | 6FS+7d
8 | ಪೇಂಟಿಂಗ್ | 8d | ಸೋಮ 26 ಜನ | ಬುಧ 4 ಫೆಬ್ರ | 7FS
9 | ಹಸ್ತಾಂತರ | 0d | ಬುಧ 4 ಫೆಬ್ರ | ಬುಧ 4 ಫೆಬ್ರ | 8FS
```

ಖಾಲಿ ಜಾಗದ ಲೆಕ್ಕ

ಇಲ್ಲಿಂದ ಮುಂದೆ ಮಾಡುವ ಪರೀಕ್ಷೆ ಒಂದೇ. ಪ್ರತಿ ಸಾಲಿಗೂ, ಹಿಂದಿನ ಕೆಲಸ ಮುಗಿದ ದಿನಕ್ಕೆ ಲ್ಯಾಗ್ ಕೂಡಿಸಿ, ಈ ಕೆಲಸ ಎಂದು ಶುರುವಾಗಬೇಕಿತ್ತು ಎಂದು ಕೈಲೆಕ್ಕ ಹಾಕಬೇಕು. ಚಾರ್ಟ್ ಹೇಳುವ ದಿನದೊಂದಿಗೆ ಅದು ತಾಳೆಯಾಗದೆ ಉಳಿದರೆ ಆ ಖಾಲಿ ಜಾಗಕ್ಕೆ ಕಾರಣ ಹುಡುಕಬೇಕು. ಕಾರಣವಿಲ್ಲದ ಖಾಲಿ ಜಾಗ ವೇಳಾಪಟ್ಟಿಯಲ್ಲಿ ಇರುವುದಿಲ್ಲ. ನಮಗೆ ಕಾಣದ ಕಾರಣ ಇರುತ್ತದೆ, ಅಷ್ಟೆ.

ಮೂರನೆಯ ಸಾಲನ್ನು ನೋಡಿ. ನವೆಂಬರ್ 7ಕ್ಕೆ ಹದಿನಾಲ್ಕು ದಿನ ಕೂಡಿಸಿದರೆ 21 ಆಗುತ್ತದೆ, ಸೆಂಟ್ರಿಂಗ್, ಅಂದರೆ ಸ್ಲ್ಯಾಬ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತಿರುವ ತಾತ್ಕಾಲಿಕ ಆಧಾರ, 22ಕ್ಕೆ ಬಿಚ್ಚಬೇಕು. ಚಾರ್ಟ್ 28 ಎನ್ನುತ್ತದೆ. ಹಾಗಾದರೆ ಆ ಹದಿನಾಲ್ಕು ದಿನಗಳು ಬರಿಯ ಕೆಲಸದ ದಿನಗಳು: 10ರಿಂದ 14ರವರೆಗೆ ಐದು, 17ರಿಂದ 21ರವರೆಗೆ ಐದು, 24ರಿಂದ 27ರವರೆಗೆ ನಾಲ್ಕು. ಅಂದರೆ ಫೈಲು ಶನಿವಾರ ಮತ್ತು ಭಾನುವಾರ ಎರಡನ್ನೂ ಬಿಟ್ಟು ಎಣಿಸಿದೆ. ಒಂದೇ ಸಾಲಿನಿಂದ ಎರಡು ತಪ್ಪು ಹೊರಬಿದ್ದವು. ಮೊದಲನೆಯದು, ಸೈಟಿನಲ್ಲಿ ಶನಿವಾರವೂ ಕೆಲಸ ನಡೆಯುತ್ತಿದ್ದರೂ ಫೈಲಿನಲ್ಲಿ ತಂತ್ರಾಂಶದ ಜೊತೆಗೇ ಬರುವ `Standard` ಕ್ಯಾಲೆಂಡರ್ ಇತ್ತು. ಅದರಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಕೆಲಸ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಕಾಂಕ್ರೀಟ್ ಭಾನುವಾರ ರಜೆ ಹಾಕುವುದಿಲ್ಲ. ಅದು ಗಟ್ಟಿಯಾಗುವ ದಿನಗಳನ್ನು ಪಂಚಾಂಗದ ದಿನಗಳಲ್ಲೇ ಎಣಿಸಬೇಕು. ಅದಕ್ಕಾಗಿ ಪ್ರಾಜೆಕ್ಟ್‌ನಲ್ಲಿ `d` ಬದಲು `ed` ಎಂದು ಬರೆಯುವ ಏರ್ಪಾಡಿದೆ; `2FS+14ed` ಎಂದರೆ ರಜೆ ರಾತ್ರಿ ಎಲ್ಲವನ್ನೂ ಸೇರಿಸಿ ಹದಿನಾಲ್ಕು ದಿನ. ಚಿತ್ರದಲ್ಲಿ ಈ ಒಂದು ಅಕ್ಷರ ಕಾಣುವ ಮಾತೇ ಇಲ್ಲ.

ನಾಲ್ಕು, ಐದನೆಯ ಸಾಲುಗಳು ಫೈಲಿನ ಐದು ದಿನದ ವಾರದ ಲೆಕ್ಕದಲ್ಲಿ ತಾಳೆಯಾಗುತ್ತವೆ. ಆರನೆಯದು ಆಗುವುದಿಲ್ಲ. ಒಳಗೋಡೆ ಡಿಸೆಂಬರ್ 11ಕ್ಕೆ ಮುಗಿಯುತ್ತದೆ, ಕೊಂಡಿಯಲ್ಲಿ ಲ್ಯಾಗ್ ಇಲ್ಲ, ಪ್ಲಾಸ್ಟರಿಂಗ್ 12ಕ್ಕೆ ಶುರುವಾಗಬೇಕು. ಚಾರ್ಟ್ 22 ಎನ್ನುತ್ತದೆ. ಯಾವ ಕ್ಯಾಲೆಂಡರ್ ಇಟ್ಟುಕೊಂಡರೂ ಆರು ಕೆಲಸದ ದಿನಗಳಿಗೆ ಲೆಕ್ಕ ಸಿಗುವುದಿಲ್ಲ. ಇಂಥಲ್ಲಿ `Constraint Type` ಎಂಬ ಕಾಲಂ ಸೇರಿಸಿ ನೋಡಬೇಕು. ಅವರು ಸೇರಿಸಿದರು; ಉಳಿದೆಲ್ಲ ಸಾಲುಗಳಲ್ಲಿ `As Soon As Possible` ಇದ್ದರೆ ಆರನೆಯದರಲ್ಲಿ `Start No Earlier Than`, ಅಂದರೆ ಈ ದಿನಕ್ಕಿಂತ ಮೊದಲು ಶುರುವಾಗಬಾರದು, ಎಂದೂ ಪಕ್ಕದ `Constraint Date` ಕಾಲಂನಲ್ಲಿ ಡಿಸೆಂಬರ್ 22 ಎಂದೂ ಇತ್ತು. ಸ್ಕ್ರೀನ್‌ಶಾಟ್‌ನಲ್ಲಿ ಇದರ ಗುರುತು ಇರಲಿಲ್ಲವೆಂದಲ್ಲ; ಎಡಗಡೆ ಒಂದು ಪುಟ್ಟ ಕ್ಯಾಲೆಂಡರ್ ಚಿಹ್ನೆ ಇದ್ದಿರಬೇಕು, ಚಿತ್ರ ಕತ್ತರಿಸುವಾಗ ಆ ಕಾಲಂ ಹೊರಗೆ ಉಳಿದಿತ್ತು.

ಈ ನಿರ್ಬಂಧವನ್ನು ಯಾರೂ ಬೇಕೆಂದು ಹಾಕಿರುವುದಿಲ್ಲ ಎಂಬುದು ಇದರ ತಮಾಷೆ. ಶುರುವಿನ ಕಾಲಂನಲ್ಲಿ ಕೈಯಾರೆ ದಿನಾಂಕ ಟೈಪ್ ಮಾಡಿದರೆ ಸಾಕು, ಇಲ್ಲವೇ ಬಾರ್ ಅನ್ನು ಮೌಸಿನಿಂದ ಹಿಡಿದು ಬಲಕ್ಕೆ ಎಳೆದರೆ ಸಾಕು, ತಂತ್ರಾಂಶ ತಾನಾಗಿ ಇದನ್ನು ಹಾಕಿಬಿಡುತ್ತದೆ. ಎಳೆದವರು ಒಂದು ವಾರದಲ್ಲಿ ಮರೆತಿರುತ್ತಾರೆ, ಫೈಲು ಮರೆಯುವುದಿಲ್ಲ.

ಏಳನೆಯ ಸಾಲಿನಲ್ಲಿ ಮತ್ತೆ `d` ತಪ್ಪು: ಪ್ಲಾಸ್ಟರಿಗೆ ಏಳು ದಿನ ನೀರು ಹಾಕುವುದನ್ನು ಕೆಲಸದ ದಿನಗಳಲ್ಲಿ ಎಣಿಸಿ ಜನವರಿ 14ಕ್ಕೆ ಒಯ್ದಿದೆ. ಎಂಟನೆಯ ಸಾಲು ಇನ್ನೊಂದು ಸುಳಿವು ಕೊಡುತ್ತದೆ. ಪೇಂಟಿಂಗ್ ಗಣರಾಜ್ಯೋತ್ಸವದ ದಿನವೇ ಶುರುವಾಗುತ್ತಿದೆ. ಪ್ಲಾಸ್ಟರಿಂಗ್ ಕ್ರಿಸ್‌ಮಸ್ ದಿನವೂ ನಡೆಯುತ್ತಿದೆ. ಹಾಗೆಂದರೆ ಫೈಲಿನಲ್ಲಿ ಒಂದೂ ರಜೆ ನಮೂದಾಗಿಲ್ಲ. ಶನಿವಾರ ಬಿಟ್ಟದ್ದರಿಂದ ವೇಳಾಪಟ್ಟಿ ನಿಜಕ್ಕಿಂತ ಉದ್ದವಾಗಿದೆ, ರಜೆ ಹಾಕದ್ದರಿಂದ ನಿಜಕ್ಕಿಂತ ಗಿಡ್ಡವಾಗಿದೆ. ಎರಡು ತಪ್ಪುಗಳು ಒಂದನ್ನೊಂದು ಸ್ವಲ್ಪ ಮುಚ್ಚಿಹಾಕುತ್ತಿವೆ.

ಐದನೆಯ ಸಾಲಿನ ದೋಷ ದಿನಾಂಕದಲ್ಲಿಲ್ಲ, ಗೈರುಹಾಜರಿಯಲ್ಲಿದೆ. `Predecessors` ಕಾಲಂ ಅನ್ನು ಮೇಲಿನಿಂದ ಕೆಳಗೆ ಓದಿದರೆ 2, 3, 4, 6, 7, 8 ಎಲ್ಲವೂ ಯಾವುದಾದರೊಂದು ಕೆಲಸಕ್ಕೆ ಹಿಂದಿನದಾಗಿ ಬರುತ್ತವೆ. 5 ಎಲ್ಲೂ ಬರುವುದಿಲ್ಲ. ಗೋಡೆ ಕೊರೆದು ಪೈಪ್ ಕೂರಿಸುವ ಮುನ್ನ ಯಾರೂ ಪ್ಲಾಸ್ಟರ್ ಮಾಡುವುದಿಲ್ಲವಾದ್ದರಿಂದ ಆರನೆಯ ಸಾಲಿಗೆ `4FS,5FS` ಎಂದು ಎರಡೂ ಇರಬೇಕಿತ್ತು. ಬಾಣಗಳ ಗೋಜಲಿನಲ್ಲಿ ಇಲ್ಲದ ಬಾಣವನ್ನು ಗುರುತಿಸುವುದು ಕಣ್ಣಿಗೆ ಅಸಾಧ್ಯ. ಬರಹದಲ್ಲಿ ಅದು ಒಂದು ನಿಮಿಷದ ಕೆಲಸ.

ನನ್ನ ಮೊದಲ ಸಲಹೆ ಏಕೆ ತಪ್ಪಿತು

ತಪ್ಪುಗಳು ಸಿಕ್ಕ ಮೇಲೆ ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬಾರದು. ಒಂದೊಂದನ್ನೇ ತಿದ್ದಿ ಹಸ್ತಾಂತರದ ದಿನಾಂಕ ಎಷ್ಟು ಕದಲಿತೆಂದು ಬರೆದಿಟ್ಟುಕೊಂಡರೆ ಮಾತ್ರ ಯಾವ ದೋಷ ಎಷ್ಟು ದಿನ ತಿಂದಿದೆ ಎಂದು ತಿಳಿಯುತ್ತದೆ.

ಮೊದಲು ಮೂರನೆಯ ಸಾಲಿನ `14d` ಅನ್ನು `14ed` ಮಾಡಿಸಿದೆ. ಸೆಂಟ್ರಿಂಗ್ ನವೆಂಬರ್ 24ಕ್ಕೆ ಹಿಂದೆ ಬಂತು, ಒಳಗೋಡೆ ಡಿಸೆಂಬರ್ 5ಕ್ಕೆ ಮುಗಿಯಿತು, ಹಸ್ತಾಂತರ ಮಾತ್ರ ಫೆಬ್ರವರಿ 4ರಿಂದ ಒಂದು ದಿನವೂ ಅಲುಗಲಿಲ್ಲ. ಹಾಗೆ ಉಳಿತಾಯವಾದ ನಾಲ್ಕು ದಿನವೂ ಪ್ಲಾಸ್ಟರಿಂಗ್‌ನ ಮುಂದಿದ್ದ ಖಾಲಿ ಜಾಗಕ್ಕೆ ಹೋಗಿ ಸೇರಿಕೊಂಡವು. ಮೇಸ್ತ್ರಿಗಳನ್ನು ಹೆಚ್ಚಿಸಿ ಉಳಿಸಿದ ಮೂರು ದಿನಗಳಿಗೂ ಅದೇ ಗತಿಯಾಗಿತ್ತು. ಡಿಸೆಂಬರ್ 22ರ ನಿರ್ಬಂಧ ಒಂದು ಅಣೆಕಟ್ಟಿನಂತೆ ನಿಂತಿರುವವರೆಗೆ ಅದರ ಮೇಲ್ಗಡೆ ಎಷ್ಟು ದಿನ ಉಳಿಸಿದರೂ ಕೆಳಗೆ ಹರಿಯುವುದಿಲ್ಲ.

ಈ ಸಂಗತಿಯನ್ನು ತಿದ್ದುಪಡಿ ಮಾಡದೆಯೇ ತಿಳಿಯುವ ದಾರಿ ಒಂದಿದೆ, ಅದು `Total Slack` ಎಂಬ ಕಾಲಂ. ಒಂದು ಕೆಲಸ ಎಷ್ಟು ದಿನ ತಡವಾದರೂ ಕೊನೆಯ ದಿನಾಂಕ ಕೆಡುವುದಿಲ್ಲ ಎಂಬ ಸಡಿಲವನ್ನು ಅದು ಹೇಳುತ್ತದೆ. ತಿದ್ದುವ ಮುನ್ನ ಫೈಲಿನಲ್ಲಿ ಸೆಂಟ್ರಿಂಗ್‌ಗೂ ಒಳಗೋಡೆಗೂ ಆರಾರು ದಿನ, ಪ್ಲಾಸ್ಟರಿಂಗ್‌ನಿಂದ ಮುಂದೆ ಎಲ್ಲಕ್ಕೂ ಸೊನ್ನೆ ಇತ್ತು. ಸಡಿಲವಿರುವ ಕೆಲಸಕ್ಕೆ ಆಳು ಹಾಕಿದರೆ ಹಣ ಹೋಗುತ್ತದೆ, ದಿನ ಉಳಿಯುವುದಿಲ್ಲ. ಕರೆಂಟ್ ಪೈಪಿನ ಸಡಿಲ ಮೂವತ್ತೊಂಬತ್ತು ದಿನ ಎಂದಿತ್ತು. ಸುಮಾರು ಮೂರು ತಿಂಗಳ ಪಟ್ಟಿಯಲ್ಲಿ ಒಂದು ಕೆಲಸಕ್ಕೆ ಅಷ್ಟು ಸಡಿಲವಿದ್ದರೆ ಅದರ ಮುಂದಿನ ಕೊಂಡಿ ಕಳಚಿದೆ ಎಂದೇ ಅರ್ಥ. ಆರು ತುಂಡುಗಳ ಜೊತೆಗೆ ಏಳನೆಯದಾಗಿ ಈ ಕಾಲಂ ಕೂಡ ಬರೆದು ಕಳಿಸಿ ಎಂದು ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಎರಡನೆಯ ಹೆಜ್ಜೆಯಾಗಿ ನಿರ್ಬಂಧವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಿದ್ದಲಾಯಿತು: ಎರಡೂ ಲ್ಯಾಗ್‌ಗಳು `ed` ಆದವು, ವಾರ ಆರು ದಿನದ್ದಾಯಿತು, ಸೈಟಿನ ಮೂರು ರಜೆಗಳು, ಅಂದರೆ ಡಿಸೆಂಬರ್ 25, ಸಂಕ್ರಾಂತಿಗೆಂದು ಜನವರಿ 15 ಮತ್ತು ಜನವರಿ 26, ಕ್ಯಾಲೆಂಡರ್ ಸೇರಿದವು, ಐದರಿಂದ ಆರಕ್ಕೆ ಕೊಂಡಿ ಬಿತ್ತು. ಹಸ್ತಾಂತರ ಜನವರಿ 30ಕ್ಕೆ ಬಂದು ನಿಂತಿತು. ಇಷ್ಟೆಲ್ಲ ಮಾಡಿದರೂ ಮಾತು ಕೊಟ್ಟ ದಿನಕ್ಕಿಂತ ಹತ್ತು ದಿನ ತಡ.

ಕ್ಯಾಲೆಂಡರ್ ಬದಲಿಸುವಾಗ ಬಹಳ ಜನ ಎಡವುವ ಒಂದು ಕಲ್ಲಿದೆ. `Options` ಒಳಗೆ `Hours per week` ಎಂಬಲ್ಲಿ 40 ಇರುವುದನ್ನು 48 ಮಾಡಿದರೆ ಶನಿವಾರ ಕೆಲಸದ ದಿನವಾಗುವುದಿಲ್ಲ. ಒಂದು ವಾರ ಎಂದು ಬರೆದ ಅವಧಿಯನ್ನು ಎಷ್ಟು ಗಂಟೆ ಎಂದು ಪರಿವರ್ತಿಸಬೇಕೆಂಬುದಷ್ಟೇ ಅಲ್ಲಿ ಬದಲಾಗುತ್ತದೆ. ಶನಿವಾರವನ್ನು ತೆರೆಯಬೇಕಾದದ್ದು `Change Working Time` ಒಳಗಿನ `Work Weeks` ಎಂಬಲ್ಲಿ. ಸರಿಯಾಗಿ ಆಗಿದೆಯೇ ಎಂದು ತಿಳಿಯಲು ಚಾರ್ಟನ್ನು ದಿನದ ಅಳತೆಗೆ ಹಿಗ್ಗಿಸಿ ನೋಡಿದರೆ ಸಾಕು. ರಜಾದಿನಗಳ ಮೇಲಿರುವ ಬೂದು ನೆರಳು ಶನಿವಾರದಿಂದ ಹೋಗಿರಬೇಕು.

ನಿರ್ಬಂಧ ತೆಗೆಯುವ ಮುನ್ನ ಕೇಳಬೇಕಾದ ಪ್ರಶ್ನೆ

ಕೊನೆಗೆ ಉಳಿದದ್ದು ಡಿಸೆಂಬರ್ 22. ಅದನ್ನು ಅಳಿಸುವುದು ಒಂದು ಕ್ಲಿಕ್ಕಿನ ಕೆಲಸ, ಆದರೆ ನಾನು ಕೂಡಲೇ ಅಳಿಸಿ ಎನ್ನಲಿಲ್ಲ. ಆ ದಿನಾಂಕದ ಹಿಂದೆ ನಿಜವಾದ ಕಾರಣ ಇದ್ದಿರಬಹುದು: ಪ್ಲಾಸ್ಟರಿಂಗ್ ತಂಡ ಅಲ್ಲಿಯವರೆಗೆ ಬೇರೆ ಸೈಟಿನಲ್ಲಿರಬಹುದು, ಮರಳು ಬರುವುದು ತಡವಿರಬಹುದು. ಹಾಗಿದ್ದರೆ ನಿರ್ಬಂಧವನ್ನು ಅಳಿಸಿ ಪಡೆದ ದಿನಾಂಕ ಕಾಗದದ ಮೇಲಷ್ಟೇ ಚೆನ್ನ. ಆಗ ಕೊಡಬೇಕಾದ ಸಲಹೆ ಬೇರೆ ತಂಡ ಹುಡುಕಿ ಎಂಬುದಾಗುತ್ತದೆ. ಇದನ್ನು ಚಾರ್ಟ್ ಹೇಳಲಾರದು, ಬರಹವೂ ತಾನಾಗಿ ಹೇಳಲಾರದು, ಸೈಟಿನಲ್ಲಿರುವವರು ಹೇಳಬೇಕು. ಅವರು ಪ್ಲಾಸ್ಟರಿಂಗ್ ಮೇಸ್ತ್ರಿಗೆ ಫೋನ್ ಮಾಡಿ ಕೇಳಿದರು. "ನಾನು ಡಿಸೆಂಬರ್ ಮೊದಲ ವಾರದಿಂದ ಖಾಲಿ ಇದ್ದೀನಲ್ಲ ಮೇಡಂ, ನೀವು ಕರೀಬೇಕಷ್ಟೇ" ಎಂದರಂತೆ ಮೇಸ್ತ್ರಿ. ಹಿಂದೆ ಯಾರೋ ಬಾರ್ ಎಳೆದು ಬಿಟ್ಟಿದ್ದರು, ಅಷ್ಟೇ ಕಥೆ.

ನಿರ್ಬಂಧವನ್ನು `As Soon As Possible` ಗೆ ಮರಳಿಸಿದಾಗ ಪಟ್ಟಿ ಹೀಗೆ ಕೂತಿತು: ಸೆಂಟ್ರಿಂಗ್ ನವೆಂಬರ್ 22 ಮತ್ತು 24, ಒಳಗೋಡೆ ನವೆಂಬರ್ 25ರಿಂದ ಡಿಸೆಂಬರ್ 3, ಕರೆಂಟ್ ಪೈಪ್ ನವೆಂಬರ್ 29ರಿಂದ ಡಿಸೆಂಬರ್ 3, ಪ್ಲಾಸ್ಟರಿಂಗ್ ಡಿಸೆಂಬರ್ 4ರಿಂದ 15, ಟೈಲ್ಸ್ ಡಿಸೆಂಬರ್ 23ರಿಂದ ಜನವರಿ 1, ಪೇಂಟಿಂಗ್ ಜನವರಿ 2ರಿಂದ 10. ಹಸ್ತಾಂತರ ಜನವರಿ 10, ಶನಿವಾರ. ಒಬ್ಬ ಆಳನ್ನೂ ಹೆಚ್ಚಿಸದೆ ಮಾತಿನ ದಿನಕ್ಕಿಂತ ಹತ್ತು ದಿನ ಮುಂಚೆ. ಒಳಗೋಡೆಯೂ ಪೈಪೂ ಒಂದೇ ದಿನ ಮುಗಿಯುವುದರಿಂದ ಈಗ ಗೋಡೆಗೆ ಮಾತ್ರ ಮೇಸ್ತ್ರಿ ಸೇರಿಸಿದರೂ ದಿನ ಉಳಿಯದು, ಎಲೆಕ್ಟ್ರಿಷಿಯನ್‌ಗಾಗಿ ಕಾಯಲೇಬೇಕು ಎಂಬುದೂ ಹೊಸ ಕೊಂಡಿಯಿಂದ ತಿಳಿಯಿತು. ನನ್ನ ಮೊದಲ ಸಲಹೆ ತಿದ್ದಿದ ಪಟ್ಟಿಯಲ್ಲೂ ತಪ್ಪೇ ಆಗಿತ್ತೆಂದು ಅರ್ಥ.

ಲ್ಯಾಗ್‌ಗೆ ಕಾರಣವನ್ನೂ ಬರೆಯಿರಿ

ಇನ್ನೂ ದಿನ ಬೇಕಾದರೆ ಎಲ್ಲಿ ಹುಡುಕಬೇಕು? ಇಲ್ಲಿ ಸಂಖ್ಯೆಯ ಜೊತೆ ಕಾರಣವೂ ಬರಹದಲ್ಲಿದ್ದರೆ ಬಾಗಿಲೊಂದು ತೆರೆಯುತ್ತದೆ. ಸೆಂಟ್ರಿಂಗ್‌ನ ಹದಿನಾಲ್ಕು ದಿನ ಎಲ್ಲಿಂದ ಬಂತೆಂದು ಕೇಳಿದಾಗ, ಹಾಲ್‌ನ ಸ್ಪ್ಯಾನ್, ಅಂದರೆ ಸ್ಲ್ಯಾಬಿನ ಆಧಾರಗಳ ನಡುವಿನ ಅಂತರ, ಐದು ಮೀಟರ್‌ಗಿಂತ ಹೆಚ್ಚು, ಮಲಗುವ ಕೋಣೆಗಳದು ಸುಮಾರು ಮೂರೂವರೆ ಮೀಟರ್ ಎಂಬ ಉತ್ತರ ಬಂತು. ಭಾರತೀಯ ಮಾನಕ ಐಎಸ್ 456ರ 2000ನೇ ಇಸವಿಯ ಆವೃತ್ತಿ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳುವ ಪ್ರಕಾರ, ಸ್ಲ್ಯಾಬಿನ ಅಡಿಯ ಆಧಾರದ ಕಂಬಗಳಾದ ಪ್ರಾಪ್‌ಗಳನ್ನು ಸ್ಪ್ಯಾನ್ 4.5 ಮೀಟರ್‌ವರೆಗೆ ಇದ್ದರೆ 7 ದಿನಕ್ಕೆ, ಅದಕ್ಕಿಂತ ಹೆಚ್ಚಿದ್ದರೆ 14 ದಿನಕ್ಕೆ ತೆಗೆಯಬಹುದು. ತೊಲೆಗಳ ಅಡಿಯದಾದರೆ 6 ಮೀಟರ್‌ವರೆಗೆ 14, ಅದಕ್ಕೂ ಮೇಲೆ 21 ದಿನ. ಹೀಗಾಗಿ ಮೂರನೆಯ ಸಾಲನ್ನು ಕೋಣೆಗಳಿಗೊಂದು, ಹಾಲಿಗೊಂದು ಎಂದು ಎರಡಾಗಿ ಒಡೆದು, ಕೋಣೆಗಳ ಒಳಗೋಡೆಯನ್ನು ಮೊದಲು ಶುರು ಮಾಡುವ ಸಾಧ್ಯತೆ ತೋರಿತು.

ಆದರೆ ಇದನ್ನು ವೇಳಾಪಟ್ಟಿಯವರು ತೀರ್ಮಾನಿಸುವಂತಿಲ್ಲ. ಬೇರೆ ಸಿಮೆಂಟುಗಳಿಗೆ ಈ ಅವಧಿಗಳನ್ನು ಹೊಂದಿಸಿಕೊಳ್ಳಬೇಕು ಎಂದು ಅದೇ ಮಾನಕ ಹೇಳುತ್ತದೆ, ನಮ್ಮ ಕಡೆ ಮನೆಗಳಿಗೆ ಬಳಸುವುದು ಬಹುಮಟ್ಟಿಗೆ ಪಿಪಿಸಿ ಎಂಬ ಬೇರೆ ಬಗೆಯ ಸಿಮೆಂಟು. ಒಂದೇ ಸ್ಲ್ಯಾಬ್ ಕೋಣೆ ಹಾಲ್ ಎರಡರ ಮೇಲೂ ಹರಡಿರುವಾಗ ಒಂದು ಕಡೆಯ ಪ್ರಾಪ್ ತೆಗೆಯಬಹುದೇ ಎಂಬುದು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿ ಹೇಳಬೇಕಾದ ಮಾತು. ಈ ಪ್ರಕರಣದಲ್ಲಿ ಹತ್ತು ದಿನ ಕೈಯಲ್ಲಿತ್ತಾದ್ದರಿಂದ ಅವರು ಕೇಳಲೂ ಹೋಗಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಈ ಕ್ರಮ ಎಲ್ಲಿ ಸೋಲುತ್ತದೆ

ಕೊಂಡಿ, ಲ್ಯಾಗ್, ಕ್ಯಾಲೆಂಡರ್, ನಿರ್ಬಂಧ ನಾಲ್ಕನ್ನೂ ನೋಡಿದ ಮೇಲೂ ಖಾಲಿ ಜಾಗ ಉಳಿದರೆ ಇನ್ನೆರಡು ಕಡೆ ಇಣುಕಬೇಕು. ಆ ಸಾಲು `Manually Scheduled` ಆಗಿದ್ದರೆ, ಅದರ ಎದುರು ಗುಂಡುಪಿನ್ನಿನ ಚಿಹ್ನೆ ಇರುತ್ತದೆ, ಹಿಂದಿನ ಕೆಲಸ ಎಲ್ಲಿಗೆ ಹೋದರೂ ಅದು ತಾನಿದ್ದಲ್ಲೇ ಕೂತಿರುತ್ತದೆ. ಇಲ್ಲವೇ ಒಂದೇ ತಂಡ ಎರಡು ಕಡೆ ಬೇಕಾದಾಗ ತಂತ್ರಾಂಶವೇ ಒಂದನ್ನು ತಳ್ಳಿರಬಹುದು. ಅದು `Leveling Delay` ಕಾಲಂನಲ್ಲಿ ಕಾಣುತ್ತದೆ. ಎರಡನ್ನೂ ಸ್ಕ್ರೀನ್‌ಶಾಟಿನಿಂದ ಖಚಿತವಾಗಿ ಹೇಳುವುದು ಕಷ್ಟ, ಫೈಲು ತೆರೆದವರೇ ಓದಿ ಹೇಳಬೇಕು.

ಕೂಡಿಟ್ಟ ಸಾಲುಗಳ ವಿಷಯದಲ್ಲಿ ಬರಹವೂ ಕೈಕೊಡುತ್ತದೆ. ದಪ್ಪ ಕಪ್ಪು ಬಾರ್‌ನ ಶಿರೋನಾಮೆ ಸಾಲೊಂದು ಮಡಚಿಕೊಂಡಿದ್ದರೆ ಅದರೊಳಗಿನ ಕೆಲಸಗಳು ಚಿತ್ರದಲ್ಲೂ ಇಲ್ಲ, ಚಿತ್ರ ನೋಡಿ ಬರೆದ ಬರಹದಲ್ಲೂ ಇಲ್ಲ. ಸಾಲಿನ ಸಂಖ್ಯೆಗಳು 9ರಿಂದ ನೇರವಾಗಿ 17ಕ್ಕೆ ಹಾರಿದ್ದರೆ ನಡುವಿನ ಏಳು ಸಾಲುಗಳು ಮಡಚಿವೆ ಅಥವಾ ಫಿಲ್ಟರ್‌ನಿಂದ ಮರೆಯಾಗಿವೆ ಎಂದು ತಿಳಿದು, ಅವನ್ನು ಬಿಚ್ಚಿ ಮತ್ತೆ ಬರೆದು ಕಳಿಸುವವರೆಗೆ ಯಾವ ಸಲಹೆಯನ್ನೂ ಕೊಡದಿರುವುದು ಲೇಸು.